ಕಮ್ಚಟ್ಕಾ 8.8, ಮ್ಯಾನ್ಮಾರ್ 7.7: ಶಕ್ತಿ ಎಷ್ಟು ಪಟ್ಟು ಜಾಸ್ತಿ? ಒಬ್ಬೊಬ್ರು ಒಂದೊಂದು ಹೇಳ್ತಿದಾರೆ

ಬಸವನಗುಡಿ ಬೈಟು

ಆಫೀಸಲ್ಲಿ ಊಟದ ಟೈಮಲ್ಲಿ ಶುರುವಾದ ಜಗಳ, ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಹಾಕ್ತಿದೀನಿ. 2025ರ ಮಾರ್ಚ್ 28ಕ್ಕೆ ಮ್ಯಾನ್ಮಾರಲ್ಲಿ ಆಯ್ತಲ್ಲ ಭೂಕಂಪ, ಅದು 7.7. ಅದೇ ವರ್ಷ ಜುಲೈ ಕೊನೇಲಿ ರಷ್ಯಾದ ಕಮ್ಚಟ್ಕಾ ಪಕ್ಕ ಸಮುದ್ರದಲ್ಲಿ ಆಗಿದ್ದು 8.8. ವ್ಯತ್ಯಾಸ ಬರೀ 1.1.

ಟೀಮಲ್ಲಿ ಒಬ್ಬ ಹೇಳ್ತಾನೆ 8.8ನ 7.7ರಿಂದ ಭಾಗಿಸಿದ್ರೆ 1.14, ಅಂದ್ರೆ ನೂರಕ್ಕೆ ಹದಿನಾಲ್ಕು ಜಾಸ್ತಿ ಅಷ್ಟೇ ಅಂತ. ಇನ್ನೊಬ್ಬ ಇದು ಲಾಗ್ ಸ್ಕೇಲು ಕಣೋ ಅಂತ ಕ್ಯಾಲ್ಕುಲೇಟರ್ ತೆಗೆದು 10ರ ಘಾತ 1.1 ಹಾಕಿ 12.6 ಪಟ್ಟು ಅಂದ. ನಾನು ಎಲ್ಲೋ ಓದಿದ್ದು 45 ಪಟ್ಟು ಅಂತ, ಎಲ್ಲಿ ಅಂತ ಕೇಳಿದ್ರೆ ನೆನಪಿಲ್ಲ, ಹಾಗಾಗಿ ನನ್ನ ಮಾತಿಗೆ ಬೆಲೆ ಇಲ್ಲ.

ಯಾವ್ದು ಸರಿ? ಆಮೇಲೆ ಅಷ್ಟೊಂದು ಪಟ್ಟು ದೊಡ್ಡದಾಗಿದ್ರೆ ಮ್ಯಾನ್ಮಾರಲ್ಲಿ ಸಾವಿರಾರು ಜನ ಸತ್ತು ಕಮ್ಚಟ್ಕಾದಲ್ಲಿ ಯಾಕೆ ಅಂಥದ್ದೇನೂ ಆಗ್ಲಿಲ್ಲ?

ಲಾಗ್‌ಟೇಬಲ್ ರಾಜ

ಮೂರೂ ತಪ್ಪು. 12.6 ಅನ್ನೋದು ಅಲೆಯ ಎತ್ತರದ ಲೆಕ್ಕ, ಶಕ್ತಿದಲ್ಲ. ಮ್ಯಾಗ್ನಿಟ್ಯೂಡ್ ಒಂದು ಜಾಸ್ತಿ ಆದ್ರೆ ಸೀಸ್ಮೋಗ್ರಾಫ್ ಮೇಲೆ ಬರೋ ಗೆರೆ 10 ಪಟ್ಟು ಎತ್ತರ, ಇದು 1935ರಲ್ಲಿ ರಿಕ್ಟರ್ ಮಾಡಿಟ್ಟ ನಿಯಮ. ಈಗ ಯಾವುದೇ ಅಲೆ ತಗೊಳ್ಳಿ, ಶಕ್ತಿ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುತ್ತೆ, ಪಿಯುಸಿ ಫಿಸಿಕ್ಸ್. ಹಾಗಾಗಿ 12.6ರ ವರ್ಗ, ಸುಮಾರು 158 ಪಟ್ಟು. ಒಂದು ಪೂರ್ತಿ ಮ್ಯಾಗ್ನಿಟ್ಯೂಡ್‌ಗೆ 100 ಪಟ್ಟು. 45 ಎಲ್ಲಿಂದ ಬಂತೋ ಗೊತ್ತಿಲ್ಲ, ನ್ಯೂಸ್ ಚಾನೆಲ್‌ನೋರು ಹಾಕಿರ್ಬೇಕು.

ಸುಮ್ನೆ ಓದೋನು

ಬೈಟು ಅಣ್ಣಾ ಮೂರು ಉತ್ತರ ತಂದ್ರು, ರಾಜಣ್ಣ ನಾಲ್ಕನೇದು ಕೊಟ್ರು. ಸಂಜೆ ಒಳಗೆ ಹತ್ತಾಗುತ್ತೆ ಬಿಡಿ.

ಗೌರಿಬಿದನೂರು ಎಕ್ಸ್‌ಪ್ರೆಸ್

45 ಸರಿ. ರಾಜ ಅವರ ಮೊದಲ ಅರ್ಧ ಸರಿ ಇದೆ, ಎರಡನೇ ಅರ್ಧದಲ್ಲಿ ಜಾರಿದಾರೆ, ಆದ್ರೆ ಅವರು ಜಾರಿರೋ ಜಾಗಾನೇ ಇದ್ರಲ್ಲಿ ಮಜಾ ಇರೋ ಜಾಗ.

ಮೊದ್ಲು ಲೆಕ್ಕ ಮಾಡಿ ಮುಗಿಸ್ತೀನಿ. ಗುಟೆನ್‌ಬರ್ಗ್, ರಿಕ್ಟರ್ ಇಬ್ರೂ ಸೇರಿ ಕೊಟ್ಟ ಸಂಬಂಧ ಇದು, E ಜೌಲ್‌ನಲ್ಲಿ:

```
log E = 1.5 M + 4.8
E2 / E1 = 10^(1.5 × (M2 − M1))
        = 10^(1.5 × 1.1) = 10^1.65 ≈ 45
```

ಎರಡು ಭೂಕಂಪ ಹೋಲಿಸುವಾಗ ಆ 4.8 ಕಳೆದು ಹೋಗುತ್ತೆ, ಅದರ ತಲೆನೋವು ಬೇಡ. ವ್ಯತ್ಯಾಸ ತಗೊಳ್ಳಿ, ಒಂದೂವರೆಯಿಂದ ಗುಣಿಸಿ, ಅದನ್ನ 10ರ ಘಾತವಾಗಿ ಹಾಕಿ. ಭಾಗಿಸಿ 1.14 ಅಂದವರ ಹತ್ರ ವಾದ ಮಾಡ್ಬೇಡಿ, ಲಾಗ್ ಸ್ಕೇಲಲ್ಲಿ ಎರಡು ಅಂಕಿ ಭಾಗಿಸೋದಕ್ಕೆ ಅರ್ಥವೇ ಇಲ್ಲ, ಮ್ಯಾಗ್ನಿಟ್ಯೂಡ್ ಸೊನ್ನೆಯ ಭೂಕಂಪಾನೂ ಉಂಟು ಮೈನಸ್ ಒಂದರದ್ದೂ ಉಂಟು, ಸೊನ್ನೆಯಿಂದ ಭಾಗಿಸ್ತೀರಾ?

ಈಗ 100 ಯಾಕಲ್ಲ ಅನ್ನೋದು. ಎತ್ತರದ ವರ್ಗ ಅನ್ನೋ ಮಾತು ಸರಿ, ಆದ್ರೆ ಅದು ಎರಡು ಅಲೆಗಳಲ್ಲಿ ಎತ್ತರ ಬಿಟ್ಟು ಬೇರೆಲ್ಲಾ ಒಂದೇ ಥರ ಇದ್ದಾಗ. ದೊಡ್ಡ ಭೂಕಂಪ ಅಂದ್ರೆ ಸಣ್ಣ ಭೂಕಂಪದ ಗೆರೇನೇ ಝೂಮ್ ಮಾಡಿದ್ದಲ್ಲ. ಅದರಲ್ಲಿ ನಿಧಾನವಾಗಿ ತೂಗೋ ಉದ್ದನೇ ಅಲೆಗಳು ಜಾಸ್ತಿ, ಅಲುಗಾಟ ನಡೆಯೋ ಹೊತ್ತೂ ಜಾಸ್ತಿ. ನಿಧಾನಕ್ಕೆ ಒಂದು ಸೆಂಟಿಮೀಟರ್ ಸರಿಯೋದಕ್ಕೂ ಪಟ್ ಅಂತ ಒಂದು ಸೆಂಟಿಮೀಟರ್ ಸರಿಯೋದಕ್ಕೂ ಶಕ್ತಿ ಒಂದೇ ಅಲ್ಲ. ಹಳೇ ಮೇಲ್ಮೈ ಅಲೆ ಸ್ಕೇಲಂತೂ ಸುಮಾರು 20 ಸೆಕೆಂಡಿಗೊಮ್ಮೆ ತೂಗೋ ಅಲೆ ಒಂದನ್ನೇ ಅಳೆಯುತ್ತೆ, ಉಳಿದಿದ್ದು ಅದಕ್ಕೆ ಕಾಣ್ಸಲ್ಲ. ಹಾಗಾಗಿ ಅಳತೆಯ ಎತ್ತರದಿಂದ ನೇರವಾಗಿ ವರ್ಗ ಮಾಡಿ ಶಕ್ತಿ ತೆಗೆಯೋಕೆ ಆಗಲ್ಲ.

ಲಾಗ್‌ಟೇಬಲ್ ರಾಜ

ಸರಿ ಸ್ವಾಮಿ, ಆದ್ರೆ 2ರ ಬದಲು 1.5 ಅಂತ ಕರೆಕ್ಟಾಗಿ ಎಲ್ಲಿಂದ ಬಂತು? ಗ್ರಾಫ್ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದ್ರೆ ಬಂದಿದ್ದಾ? ಹಾಗಾದ್ರೆ ಅದು ನಿಯಮ ಅಲ್ಲ, ಹೊಂದಾಣಿಕೆ.

ಗೌರಿಬಿದನೂರು ಎಕ್ಸ್‌ಪ್ರೆಸ್

ಶುರುವಲ್ಲಿ ಹಾಗೇ ಬಂದಿದ್ದು, ಚುಕ್ಕಿ ಇಟ್ಟು ಗೆರೆ ಎಳೆದೇ. ಕಾರಣ ಆಮೇಲೆ 1970ರ ದಶಕದಲ್ಲಿ ಕಾನಮೋರಿ, ಆಂಡರ್ಸನ್ ವಿವರಿಸಿದ್ರು, ಅದು ಗೊತ್ತಾದ ಮೇಲೆ ಒಂದು ಮ್ಯಾಗ್ನಿಟ್ಯೂಡ್‌ಗೆ ಶಕ್ತಿ ಸುಮಾರು 32 ಪಟ್ಟು ಅನ್ನೋದು ಯಾವತ್ತೂ ಮರೆಯಲ್ಲ, ನೋಡಿ.

ನೆಲದಾಳದಲ್ಲಿ ಒಂದು ಬಿರುಕು ಇದೆ ಅಂದ್ಕೊಳಿ. ಭೂಕಂಪ ಅಂದ್ರೆ ಆ ಬಿರುಕಿನ ಒಂದು ಹಾಳೆಯಷ್ಟು ಭಾಗ ಜಾರೋದು. ಆ ಹಾಳೆಗೆ ಉದ್ದ ಇದೆ, ಅಗಲ ಇದೆ, ಮತ್ತೆ ಎಷ್ಟು ಮೀಟರ್ ಜಾರ್ತು ಅನ್ನೋದು ಇದೆ. ದೊಡ್ಡ ಭೂಕಂಪ ಅಂದ್ರೆ ಸಾಮಾನ್ಯವಾಗಿ ಈ ಮೂರೂ ಒಟ್ಟೊಟ್ಟಿಗೆ ಬೆಳೀತವೆ. ಮ್ಯಾಗ್ನಿಟ್ಯೂಡ್ ಒಂದು ಮೆಟ್ಟಿಲು ಹತ್ತಿದ್ರೆ ಉದ್ದ ಸುಮಾರು 3.16 ಪಟ್ಟು, ಅಗಲ 3.16 ಪಟ್ಟು, ಜಾರೋದೂ 3.16 ಪಟ್ಟು. ಮೂರನ್ನೂ ಗುಣಿಸಿ, 31.6 ಬರುತ್ತೆ. ಶಕ್ತಿ ಈ ಘನದ ಜೊತೆ ಹೋಗುತ್ತೆ. ಆದ್ರೆ 20 ಸೆಕೆಂಡಿನ ಆ ಅಲೆಯ ಎತ್ತರ ಇದೆಯಲ್ಲ, ಮಧ್ಯಮದಿಂದ ದೊಡ್ಡ ಭೂಕಂಪಗಳ ತನಕ ಅದು ಗಾತ್ರದ ವರ್ಗದ ಜೊತೆ ಬೆಳೆಯುತ್ತೆ, ಯಾಕಂದ್ರೆ ಬಿರುಕು ದೊಡ್ಡದಾದಷ್ಟೂ ಬಿಡೋಕೆ ಟೈಮ್ ಹಿಡಿಯುತ್ತೆ, ಆ ತುದಿಯ ಅಲೆ ಈ ತುದಿಯ ಅಲೆ ಒಟ್ಟಿಗೆ ಬಂದು ಸೇರಲ್ಲ, ಎತ್ತರಕ್ಕೆ ಸಿಗಬೇಕಾದ್ದು ಪೂರ್ತಿ ಸಿಗಲ್ಲ. 3.16ರ ವರ್ಗ ಎಷ್ಟು? 10.

ಅಂದ್ರೆ 10 ಅನ್ನೋದು 3.16ರ ವರ್ಗ, 32 ಅನ್ನೋದು ಅದರ ಘನ. ವರ್ಗದಿಂದ ಘನಕ್ಕೆ ಹೋಗ್ಬೇಕಾದ್ರೆ ಘಾತ ಮೂರನ್ನ ಎರಡರಿಂದ ಭಾಗಿಸಿದಷ್ಟು, ಒಂದೂವರೆ. ನಿಮ್ಮ 1.5 ಅದೇ.

ಲಾಗ್‌ಟೇಬಲ್ ರಾಜ

ಇದು ಚೆನ್ನಾಗಿದೆ, ಒಪ್ಪಿದೆ. ಆದ್ರೆ "ಸಾಮಾನ್ಯವಾಗಿ ಮೂರೂ ಒಟ್ಟಿಗೆ ಬೆಳೀತವೆ" ಅನ್ನೋ ಜಾಗದಲ್ಲಿ ಇಡೀ ಕಟ್ಟಡ ನಿಂತಿದೆ. ಬೆಳೀದೇ ಇದ್ರೆ?

ವೈಟ್‌ಫೀಲ್ಡ್ 14ನೇ ಮಹಡಿ

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮ ಅಪಾರ್ಟ್‌ಮೆಂಟ್ ಬುಕ್ ಮಾಡುವಾಗ ಬಿಲ್ಡರ್ ಕಡೆಯೋನು ಸರ್ ಇದು 7 ಮ್ಯಾಗ್ನಿಟ್ಯೂಡ್ ತಡ್ಕೊಳ್ಳುತ್ತೆ ಅಂತ ಬ್ರೋಶರ್ ತೋರಿಸಿದ್ದ. ಈಗ ನಿಮ್ಮ ಲೆಕ್ಕ ನೋಡಿದ್ರೆ 8 ಬಂದ್ರೆ 32 ಪಟ್ಟು ಅಂದ್ರೆ ಬಿಲ್ಡಿಂಗೂ 32 ಪಟ್ಟು ಗಟ್ಟಿ ಇರ್ಬೇಕಾ? ಅಸೋಸಿಯೇಶನ್ ಮೀಟಿಂಗಲ್ಲಿ ಕೇಳಿದ್ರೆ ಪಾರ್ಕಿಂಗ್ ಬಗ್ಗೆ ಮಾತಾಡ್ರಿ ಅಂತಾರೆ. ಬೆಂಗಳೂರಲ್ಲಿ 8 ಬರುತ್ತಾ ಅದನ್ನ ಹೇಳಿ ಫಸ್ಟು.

ಗೌರಿಬಿದನೂರು ಎಕ್ಸ್‌ಪ್ರೆಸ್

ಆ ಬ್ರೋಶರ್ ಸಾಲಿಗೆ ಅರ್ಥ ಇಲ್ಲ ಮೇಡಂ ಅಥವಾ ಸರ್. ಯಾವ ಸ್ಟ್ರಕ್ಚರಲ್ ಎಂಜಿನಿಯರೂ ಮ್ಯಾಗ್ನಿಟ್ಯೂಡ್‌ಗೆ ಬಿಲ್ಡಿಂಗ್ ಕಟ್ಟಲ್ಲ. ಕಟ್ಟಡದ ಬುಡದಲ್ಲಿ ನೆಲ ಎಷ್ಟು ಜೋರಾಗಿ ಅಲುಗುತ್ತೆ, ಅದರ ವೇಗೋತ್ಕರ್ಷ ಎಷ್ಟು, ಅದಕ್ಕೆ ಕಟ್ತಾರೆ. 7 ಅನ್ನೋದು ಮಂಡ್ಯದಲ್ಲಿ ಆಗುತ್ತಾ ಅಂಡಮಾನಲ್ಲಿ ಆಗುತ್ತಾ ಅನ್ನೋದರ ಮೇಲೆ ನಿಮ್ಮ ಬುಡ ಅಲುಗೋದು. ಕೇಳಬೇಕಾಗಿರೋದು IS 1893 ಪ್ರಕಾರ ಯಾವ ವಲಯಕ್ಕೆ ಡಿಸೈನ್ ಮಾಡಿದೀರಿ ಅಂತ. ಆ ಕೋಡ್‌ನ 2016ರ ಆವೃತ್ತಿಯಲ್ಲಿ ಬೆಂಗಳೂರು ವಲಯ 2, ಇರೋದರಲ್ಲಿ ಕಮ್ಮಿ ಅಪಾಯದ್ದು. 8 ಬರೋಕೆ ನೂರು ಕಿಲೋಮೀಟರ್‌ಗಟ್ಲೆ ಉದ್ದದ, ಒತ್ತಡ ತುಂಬ್ಕೊಂಡಿರೋ ಬಿರುಕು ಬೇಕು, ಅಂಥದ್ದು ನಮ್ಮ ಕೆಳಗೆ ಇದೆ ಅಂತ ಯಾರೂ ತೋರಿಸಿಲ್ಲ.

ಬೈಟು ಅವರ ಎರಡನೇ ಪ್ರಶ್ನೆಗೂ ಇದೇ ಉತ್ತರ. 45 ಪಟ್ಟು ಶಕ್ತಿ ಅಂದ್ರೆ ಒಂದು ಮನೆ 45 ಪಟ್ಟು ಜೋರಾಗಿ ಅಲುಗುತ್ತೆ ಅಂತಲ್ಲ. ಮ್ಯಾನ್ಮಾರಲ್ಲಿ ಜಾರಿದ್ದು ಸಗಾಯಿಂಗ್ ಬಿರುಕು, ನೆಲದ ಮೇಲೇ ಕಾಣೋವಂಥದ್ದು, ಆಳ ಸುಮಾರು ಹತ್ತು ಕಿಲೋಮೀಟರ್, ಮಾಂಡಲೆ ಊರು ಪಕ್ಕದಲ್ಲೇ ಇದೆ. ಕಮ್ಚಟ್ಕಾದ್ದು ಸಮುದ್ರದಡಿ, ಹತ್ತಿರದ ದೊಡ್ಡ ಊರು ಪೆತ್ರೊಪಾವ್ಲೊವ್ಸ್ಕ್ ನೂರು ಕಿಲೋಮೀಟರ್‌ಗೂ ಆಚೆ. ಜೊತೆಗೆ ಇನ್ನೊಂದು ವಿಷಯ: ದೊಡ್ಡ ಭೂಕಂಪದ ಹೆಚ್ಚುವರಿ ಶಕ್ತಿಯಲ್ಲಿ ಬಹುಪಾಲು ಬರೋದು ಜಾಸ್ತಿ ಜಾಗ ಜಾಸ್ತಿ ಹೊತ್ತು ಜಾರೋದರಿಂದ. ಬಿರುಕಿನ ಪಕ್ಕದಲ್ಲೇ ನಿಂತವನಿಗೆ 7.7 ಆದ್ರೂ ಒಂದೇ 8.8 ಆದ್ರೂ ಹೆಚ್ಚುಕಮ್ಮಿ ಅಷ್ಟೇ ಜೋರು, ಆದ್ರೆ ಎರಡನೇದು ಬೇಗ ನಿಲ್ಲಲ್ಲ.

ವೈಟ್‌ಫೀಲ್ಡ್ 14ನೇ ಮಹಡಿ

ಬ್ಯಾಂಕಾಕ್ ಅಷ್ಟು ದೂರ ಇದ್ರೂ ಅಲ್ಲಿ ಕಟ್ತಿದ್ದ ಟವರ್ ಬಿತ್ತಲ್ಲ ಮತ್ತೆ? ದೂರ ಇದ್ರೆ ಸೇಫ್ ಅನ್ನೋದು ನನಗೆ ನಂಬಿಕೆ ಬರ್ತಿಲ್ಲ.

ಗೌರಿಬಿದನೂರು ಎಕ್ಸ್‌ಪ್ರೆಸ್

ಅದು ಬೇರೆ ಕಥೆ, ಆದ್ರೆ ಸಂಬಂಧ ಇಲ್ಲದ್ದಲ್ಲ. ಬ್ಯಾಂಕಾಕ್ ನಿಂತಿರೋದು ಮೆತ್ತನೆ ಜೇಡಿ ಮಣ್ಣಿನ ಮೇಲೆ, ಆ ನಿಧಾನದ ಉದ್ದನೇ ಅಲೆಗಳು ಸಾವಿರ ಕಿಲೋಮೀಟರ್ ಹೋದ್ರೂ ಸಾಯಲ್ಲ, ಮೆತ್ತನೆ ಮಣ್ಣಿಗೆ ಬಂದಾಗ ದೊಡ್ಡದಾಗ್ತವೆ, ಎತ್ತರದ ಕಟ್ಟಡಗಳೂ ಅದೇ ನಿಧಾನಕ್ಕೆ ತೂಗೋವು. ನಮ್ಮ ಬೆಂಗಳೂರು ಗಟ್ಟಿ ಬಂಡೆ ಮೇಲಿದೆ, ಕೆರೆ ಮುಚ್ಚಿ ಕಟ್ಟಿರೋ ಕಡೆ ಬಿಟ್ಟು. ನಿಮ್ಮ ಸೈಟು ಮೊದಲು ಏನಾಗಿತ್ತು ವಿಚಾರಿಸಿ.

ಸುಮ್ನೆ ಓದೋನು

ಈಗ ಅವರು ರಾತ್ರಿ ನಿದ್ದೆ ಮಾಡಿದ ಹಾಗೇ.

ಪಿಯು ಮೇಡಂ

ನಾನು ಮಕ್ಕಳಿಗೆ ಹೇಳ್ಕೊಡೋ ಉಪಾಯ ಇದು, ಕ್ಯಾಲ್ಕುಲೇಟರ್ ಬೇಡ. ಲಾಗ್ 2 ಅಂದ್ರೆ 0.301. ಮ್ಯಾಗ್ನಿಟ್ಯೂಡ್ 0.2 ಜಾಸ್ತಿ ಆದ್ರೆ 1.5ರಿಂದ ಗುಣಿಸಿದಾಗ 0.3, ಅಂದ್ರೆ ಶಕ್ತಿ ಎರಡರಷ್ಟು. ಐದು ಸಲ ಎರಡರಷ್ಟು ಮಾಡಿದ್ರೆ 32, ಒಂದು ಮ್ಯಾಗ್ನಿಟ್ಯೂಡ್ ಆಯ್ತು. ಹತ್ತು ಸಲ ಮಾಡಿದ್ರೆ 1024, ಅದನ್ನ ಸಾವಿರ ಅಂತಿಟ್ಕೊಳಿ, ಎರಡು ಮ್ಯಾಗ್ನಿಟ್ಯೂಡ್‌ಗೆ ಕರೆಕ್ಟಾಗಿ ಸಾವಿರವೇ. ನಿಮ್ಮ 1.1 ಅಂದ್ರೆ ಒಂದು ಪೂರ್ತಿ, ಮೇಲೆ 0.1. ಅರ್ಧ ದುಪ್ಪಟ್ಟು ಅಂದ್ರೆ 1.41. 32ನ 1.41ರಿಂದ ಗುಣಿಸಿದ್ರೆ 45. ಮಕ್ಕಳು ಒಂದು ತಪ್ಪು ಮಾಡೇ ಮಾಡ್ತಾರೆ, 0.1ಗೆ 32ರಲ್ಲಿ ಹತ್ತನೇ ಒಂದು ಭಾಗ 3.2 ಅಂತ ಕೂಡಿಸಿ 35 ಬರೀತಾರೆ. ಇಲ್ಲಿ ಕೂಡಿಸೋ ಹಾಗಿಲ್ಲ, ಗುಣಿಸ್ಬೇಕು.

ನಂದಿಬೆಟ್ಟದ ತಪ್ಪಲು

ನಮ್ಮ ಚಿಕ್ಕಬಳ್ಳಾಪುರದ್ದು ಮರೆತ್ರಾ ಎಲ್ರೂ? 2021 ಡಿಸೆಂಬರ್ 22 ಬೆಳಗ್ಗೆ ಒಂದು 2.9, ಸ್ವಲ್ಪ ಹೊತ್ತಿಗೆ ಇನ್ನೊಂದು 3.0. ನಮ್ಮ ಮನೇಲಿ ಅಡುಗೆಮನೆ ಸ್ಟ್ಯಾಂಡಲ್ಲಿದ್ದ ಸ್ಟೀಲ್ ಡಬ್ಬಗಳು ಗಲಗಲ ಅಂದ್ವು, ಅತ್ತೆ ಹೊರಗೆ ಓಡಿ ಬಂದ್ರು, ಆಮೇಲೆ ಇಡೀ ಬೀದಿ ಹೊರಗೇ. ನನ್ನ ಪ್ರಕಾರ ಇಂಥಾ ಸಣ್ಣಪುಟ್ಟದ್ದು ಆಗ್ತಾ ಇರೋದು ಒಳ್ಳೇದು. ಒಳಗಿನ ಒತ್ತಡ ಸ್ವಲ್ಪ ಸ್ವಲ್ಪ ಹೊರಗೆ ಹೋಗಿಬಿಟ್ರೆ ದೊಡ್ಡದು ಬರಲ್ಲ ಅಂತ ಟಿವಿಲೂ ಹೇಳಿದ್ರು.

ಗೌರಿಬಿದನೂರು ಎಕ್ಸ್‌ಪ್ರೆಸ್

ಡಬ್ಬ ಗಲಗಲ ಅಂದಿದ್ದು ನಿಜವೇ ಇರುತ್ತೆ, ಸಣ್ಣದಾದ್ರೂ ನಿಮ್ಮ ಕಾಲಡಿಯಲ್ಲೇ ಆಗಿದ್ದು. ಆದ್ರೆ ಟಿವಿಯವರ ಮಾತನ್ನ ಅದೇ ಸೂತ್ರಕ್ಕೆ ಹಾಕಿ ನೋಡೋಣ.

3.0ಗೆ 10ರ ಘಾತ 9.3 ಜೌಲ್, ಅಂದ್ರೆ ಸುಮಾರು 200 ಕೋಟಿ ಜೌಲ್. ಭಯಂಕರ ಕಾಣುತ್ತೆ. ಕರೆಂಟ್ ಬಿಲ್‌ನ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೌಲ್, ಭಾಗಿಸಿದ್ರೆ 550 ಯೂನಿಟ್ ಚಿಲ್ಲರೆ. ಗೃಹಜ್ಯೋತಿಲಿ ತಿಂಗಳಿಗೆ ಹೆಚ್ಚಂದ್ರೆ 200 ಯೂನಿಟ್ ಫ್ರೀ ಅಲ್ವಾ, ಮೂರು ತಿಂಗಳ ಫ್ರೀ ಕರೆಂಟಿಗಿಂತ ಕಮ್ಮಿ ಅಲೆಯಾಗಿ ಹೊರಗೆ ಬಂತು, ಬೀದಿ ಪೂರ್ತಿ ಹೊರಗೆ ಬಂತು. ಅದೇ ಲೆಕ್ಕದಲ್ಲಿ ಮ್ಯಾನ್ಮಾರಿನ 7.7 ಸುಮಾರು 620 ಕೋಟಿ ಯೂನಿಟ್, ಕಮ್ಚಟ್ಕಾ ಹತ್ತಿರ ಹತ್ತಿರ 28 ಸಾವಿರ ಕೋಟಿ ಯೂನಿಟ್.

ಈಗ ಒಂದು 7.7ನ ಶಕ್ತಿಯನ್ನ 3.0ಗಳಲ್ಲೇ ಹೊರಗೆ ಹಾಕ್ಬೇಕು ಅಂದ್ರೆ ಎಷ್ಟು ಬೇಕು? ವ್ಯತ್ಯಾಸ 4.7, ಒಂದೂವರೆ ಪಟ್ಟು 7.05, ಅಂದ್ರೆ ಒಂದು ಕೋಟಿ ಹನ್ನೆರಡು ಲಕ್ಷ ಭೂಕಂಪ. ದಿನಕ್ಕೊಂದು ಆದ್ರೂ ಮೂವತ್ತು ಸಾವಿರ ವರ್ಷ ಬೇಕು. ಪ್ರಕೃತೀಲಿ ಸಣ್ಣವು ಅಷ್ಟು ಆಗೋದೇ ಇಲ್ಲ. ಒಂದು ಮ್ಯಾಗ್ನಿಟ್ಯೂಡ್ ಕೆಳಗಿಳಿದ್ರೆ ಭೂಕಂಪಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಜಾಸ್ತಿ ಆಗುತ್ತೆ, ಶಕ್ತಿ ಮಾತ್ರ 32 ಪಟ್ಟು ಕಮ್ಮಿ ಆಗುತ್ತೆ. ಹಾಗಾಗಿ ಒಂದು 8ಕ್ಕೆ ಹತ್ತು 7 ಸಿಕ್ಕಿದ್ರೂ ಆ ಹತ್ತೂ ಸೇರಿ 8ರ ಮೂರನೇ ಒಂದು ಭಾಗಾನೂ ಮುಟ್ಟಲ್ಲ. ಕೆಳಗೆ ಹೋದಷ್ಟೂ ಇನ್ನೂ ಕಮ್ಮಿ. ಭೂಮಿ ಲೆಕ್ಕ ಚುಕ್ತಾ ಮಾಡೋದು ದೊಡ್ಡವುಗಳಲ್ಲೇ.

3ರಂಥ ಸಣ್ಣವುಗಳಿಗೆ ಈ ಸೂತ್ರ ಅಷ್ಟು ಚೆನ್ನಾಗಿ ಕೂರಲ್ಲ ಅನ್ನೋದೂ ಹೇಳಿಬಿಡ್ತೀನಿ, ಅವನ್ನ ಅಳೆಯೋ ಸ್ಥಳೀಯ ಸ್ಕೇಲ್ ಬೇರೆ. 550ರ ಬದಲು 200 ಇರ್ಬಹುದು 1500 ಇರ್ಬಹುದು. ಕೋಟಿ ಲಕ್ಷಗಳ ಅಂತರಕ್ಕೆ ಅದರಿಂದ ಏನೂ ಆಗಲ್ಲ.

ನಂದಿಬೆಟ್ಟದ ತಪ್ಪಲು

ಮೂರು ತಿಂಗಳ ಕರೆಂಟಾ! ಅತ್ತೆಗೆ ಹೇಳಲ್ಲ, ಬೇಜಾರಾಗ್ತಾರೆ. ಅಂದಹಾಗೆ 2020 ಮೇ ತಿಂಗಳಲ್ಲಿ ಬೆಂಗಳೂರಲ್ಲೆಲ್ಲಾ ಢಂ ಅಂತ ಕೇಳಿಸ್ತಲ್ಲ, ಅದೂ ಇದೇ ಥರದ್ದಾ?

ಗೌರಿಬಿದನೂರು ಎಕ್ಸ್‌ಪ್ರೆಸ್

ಅಲ್ಲ, ಅದು ವಾಯುಪಡೆಯ ಪರೀಕ್ಷಾ ವಿಮಾನದ್ದು, ಶಬ್ದದ ವೇಗ ದಾಟಿದಾಗ ಬರೋ ಸದ್ದು. ಗಾಳೀಲಿ ಬಂದಿದ್ದು, ನೆಲದಲ್ಲಿ ಅಲ್ಲ, ಹಾಗಾಗಿ ಇದಕ್ಕೆ ಮ್ಯಾಗ್ನಿಟ್ಯೂಡೂ ಇಲ್ಲ. ನಮ್ಮೂರ ಗೌರಿಬಿದನೂರಲ್ಲಿ 1965ರಿಂದ ಎಲ್ ಆಕಾರದಲ್ಲಿ ಸೀಸ್ಮೋಮೀಟರ್ ಸಾಲು ಹೂತಿಟ್ಟಿದಾರೆ, ಭಾಭಾ ಅಣು ಸಂಶೋಧನಾ ಕೇಂದ್ರದ್ದು, ಎಲ್ಲೋ ದೂರದ ದೇಶ ನೆಲದಡಿ ಅಣುಬಾಂಬ್ ಪರೀಕ್ಷೆ ಮಾಡಿದ್ರೂ ಹಿಡಿಯೋಕೆ ಅಂತ. ಬಂಡೆ ಗಟ್ಟಿ, ಗಲಾಟೆ ಕಮ್ಮಿ, ಅದಕ್ಕೇ ಆ ಜಾಗ ಹುಡುಕಿದ್ದು. ನನ್ನ ಹೆಸರು ಅಲ್ಲಿಂದಲೇ, ರೈಲಿಂದಲ್ಲ.

ಲಾಗ್‌ಟೇಬಲ್ ರಾಜ

ನನ್ನ ಪ್ರಶ್ನೆ ಮರೆಸಿಬಿಟ್ರಿ. ಮೂರೂ ಒಟ್ಟಿಗೆ ಬೆಳೀದೇ ಇದ್ರೆ ಅಂತ ಕೇಳಿದ್ದೆ. ಇನ್ನೊಂದೂ ಇದೆ. 2025 ಜನವರಿ 7ಕ್ಕೆ ಟಿಬೆಟ್‌ನಲ್ಲಿ ಆಯ್ತಲ್ಲ, ಅಮೆರಿಕದ ಯುಎಸ್‌ಜಿಎಸ್ 7.1 ಅಂತು, ಚೀನಾದವರು 6.8 ಅಂದ್ರು. ಒಂದೇ ಭೂಕಂಪ ಸ್ವಾಮಿ! ಮೇಡಂ ಲೆಕ್ಕದಲ್ಲಿ 0.3 ಅಂದ್ರೆ ಎರಡು, ಮೇಲೆ 1.41, ಹತ್ತಿರ ಹತ್ತಿರ 2.8 ಪಟ್ಟು. ತನಗಿಂತ ತಾನೇ 2.8 ಪಟ್ಟು ದೊಡ್ಡದು ಅನ್ನೋ ಭೂಕಂಪ. ಇಂಥಾ ಅಂಕಿ ಇಟ್ಕೊಂಡು 45 ಅಂತ ಹೇಗೆ ಗಟ್ಟಿಯಾಗಿ ಹೇಳ್ತೀರಿ?

ಗೌರಿಬಿದನೂರು ಎಕ್ಸ್‌ಪ್ರೆಸ್

ಒಳ್ಳೇ ಪ್ರಶ್ನೆ, ಎರಡೂ.

ಮೊದಲು ಟಿಬೆಟ್. ಚೀನಾದ 6.8 ಮೇಲ್ಮೈ ಅಲೆ ಸ್ಕೇಲಿನದ್ದು, Ms ಅಂತ ಬರೀತಾರೆ. ಯುಎಸ್‌ಜಿಎಸ್ 7.1 ಅನ್ನೋದು ಮೊಮೆಂಟ್ ಮ್ಯಾಗ್ನಿಟ್ಯೂಡ್, Mw. ಇದು ಆ ಹಾಳೆಯ ಉದ್ದ, ಅಗಲ, ಜಾರಿದ ದೂರ, ಬಂಡೆಯ ಬಿಗಿ, ಇವನ್ನೆಲ್ಲಾ ಗುಣಿಸಿದ ಮೊತ್ತದಿಂದ ಬರೋದು. 1979ರಲ್ಲಿ ಹ್ಯಾಂಕ್ಸ್, ಕಾನಮೋರಿ ಇದನ್ನ ಹಳೇ ಸ್ಕೇಲಿಗೆ ಹೊಂದೋ ಹಾಗೆ ಕೂರಿಸಿದ್ರು, ಆದ್ರೆ ಎಲ್ಲಾ ಕಡೆ ಒಂದೇ ಅಂಕಿ ಬರಲೇಬೇಕು ಅಂತಿಲ್ಲ. ಎರಡು ಭೂಕಂಪ ಹೋಲಿಸೋಕೆ ಮುಂಚೆ ಎರಡೂ ಅಂಕಿ ಒಂದೇ ಸ್ಕೇಲಿಂದ, ಆದಷ್ಟೂ ಒಂದೇ ಸಂಸ್ಥೆಯಿಂದ ಬಂದಿದ್ಯಾ ನೋಡ್ಬೇಕು. ಇದನ್ನ ಬಿಟ್ಟವರು ಎಂಥ ಗುಂಡಿಗೆ ಬೀಳ್ತಾರೆ ಅಂದ್ರೆ, 1906ರ ಸ್ಯಾನ್ ಫ್ರಾನ್ಸಿಸ್ಕೊ, 1960ರ ಚಿಲಿ, ಎರಡೂ ಹಳೇ Ms ಸ್ಕೇಲಲ್ಲಿ ಎಂಟೂಕಾಲು, ಎಂಟೂವರೆ ಆಸುಪಾಸು, ಅಣ್ಣತಮ್ಮಂದಿರ ಥರ. Mw ಲೆಕ್ಕಕ್ಕೆ ಬಂದಾಗ ಮೊದಲನೇದು 7.9, ಎರಡನೇದು 9.5. ವ್ಯತ್ಯಾಸ 1.6, ಒಂದೂವರೆ ಪಟ್ಟು 2.4, ಸುಮಾರು 250 ಪಟ್ಟು ಶಕ್ತಿ. ಆ 20 ಸೆಕೆಂಡಿನ ಅಲೆ ಒಂದು ಹಂತ ದಾಟಿದ ಮೇಲೆ ಬೆಳೆಯೋದೇ ಇಲ್ಲ, ಭೂಕಂಪ ಎಷ್ಟು ದೊಡ್ಡದಾದ್ರೂ ಮೀಟರ್ ಅಲ್ಲೇ ನಿಂತಿರುತ್ತೆ. 8ರ ಮೇಲೆ ಯಾವ ಹಳೇ ಅಂಕಿ ಕಂಡ್ರೂ ನಾನು ಮೊದಲು ಯಾವ ಸ್ಕೇಲು ಅಂತ ನೋಡ್ತೀನಿ.

ಒಂದೇ ಸ್ಕೇಲಲ್ಲೂ 0.1 ಆಚೆ ಈಚೆ ಇರುತ್ತೆ. ಕಮ್ಚಟ್ಕಾ ಮ್ಯಾನ್ಮಾರ್ ನಡುವಿನ ವ್ಯತ್ಯಾಸ 1.0 ಆಗಿದ್ರೆ 32, 1.2 ಆಗಿದ್ರೆ 63. ಹಾಗಾಗಿ 44.7 ಅಂತ ದಶಾಂಶ ಹಾಕಿ ಬರೆಯೋರನ್ನ ನಂಬ್ಬೇಡಿ. ನಲವತ್ತು ಐವತ್ತು ಪಟ್ಟು ಅನ್ನಿ, ಸಾಕು. 12.6ಉ ಅಲ್ಲ, 158ಊ ಅಲ್ಲ ಅನ್ನೋದು ಆದ್ರೂ ಗಟ್ಟಿ ಆಯ್ತಲ್ಲ.

ಈಗ ಮೂರೂ ಒಟ್ಟಿಗೆ ಬೆಳೀದೇ ಇದ್ರೆ. ಸರಿಯಾಗಿ ನಮ್ಮ ಜೋಡೀನೇ ಅದಕ್ಕೆ ಉದಾಹರಣೆ. ಮ್ಯಾನ್ಮಾರಲ್ಲಿ ಬಿರುಕು ನೇರ ನಿಂತ ಗೋಡೆ ಥರ ಇದೆ, ನೆಲದಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ಕೆಳಗೆ ಹೋದ್ರೆ ಬಂಡೆ ಬಿಸಿಯಾಗಿ ಮೆತ್ತಗಾಗಿ ಮುರಿಯೋದು ನಿಲ್ಲುತ್ತೆ. ಅಗಲ ಅಷ್ಟೇ. ಉದ್ದ ಮಾತ್ರ 400 ಕಿಲೋಮೀಟರ್‌ಗೂ ಜಾಸ್ತಿ ಹರೀತು, ಉದ್ದನೇ ರಿಬ್ಬನ್ ಥರ. ಕಮ್ಚಟ್ಕಾದಲ್ಲಿ ಒಂದು ಫಲಕ ಇನ್ನೊಂದರ ಕೆಳಗೆ ಓರೆಯಾಗಿ ಜಾರಿ ಹೋಗುತ್ತೆ, ಓರೆ ಇರೋದರಿಂದ ಅಗಲ ನೂರು ಕಿಲೋಮೀಟರ್ ದಾಟುತ್ತೆ, ಉದ್ದ ಸುಮಾರು 500. ಅಂದ್ರೆ ಉದ್ದದಲ್ಲಿ ಎರಡೂ ಹೆಚ್ಚುಕಮ್ಮಿ ಸಮ. 45 ಪಟ್ಟು ಬಂದಿದ್ದು ಅಗಲದಿಂದ, ಮತ್ತೆ ಜಾರಿದ ಮೀಟರ್‌ಗಳಿಂದ. 3.16 ಮೂರು ಸಲ ಅನ್ನೋ ನನ್ನ ಚಿತ್ರ ಈ ಜೋಡಿಗೆ ಹಾಗೇ ಹೊಂದಲ್ಲ. ಆದ್ರೂ Mw ಲೆಕ್ಕ ಕೆಡಲ್ಲ, ಯಾಕಂದ್ರೆ ಅದು ಮೂರರ ಗುಣಲಬ್ಧ ನೋಡುತ್ತೆ, ಯಾವುದರಿಂದ ಎಷ್ಟು ಬಂತು ಅಂತ ಕೇಳಲ್ಲ.

ಲಾಗ್‌ಟೇಬಲ್ ರಾಜ

ಗುಣಲಬ್ಧ ಸರಿ. ಆದ್ರೆ ಗುಣಲಬ್ಧ ಶಕ್ತಿ ಅಲ್ಲವಲ್ಲ. ಎಷ್ಟು ಜಾಗ ಎಷ್ಟು ಜಾರ್ತು ಅನ್ನೋದು ಒಂದು, ಅದರಲ್ಲಿ ಅಲೆಯಾಗಿ ಎಷ್ಟು ಹೋಯ್ತು ಅನ್ನೋದು ಇನ್ನೊಂದು. ನಿಧಾನಕ್ಕೆ ಜಾರಿದ್ರೆ?

ಗೌರಿಬಿದನೂರು ಎಕ್ಸ್‌ಪ್ರೆಸ್

ನಿಧಾನಕ್ಕೆ ಜಾರಿದ್ರೆ ಅಲೆ ಕಮ್ಮಿ ಬರುತ್ತೆ. 2006ರ ಜುಲೈ 17ಕ್ಕೆ ಜಾವಾ ದಕ್ಷಿಣಕ್ಕೆ ಸಮುದ್ರದಲ್ಲಿ ಆಗಿದ್ದು ಅಂಥದ್ದು. ಅದೂ 7.7, ಮ್ಯಾನ್ಮಾರಿನಷ್ಟೇ. ಆದ್ರೆ ಬಿರುಕು ಸೋಮಾರಿ ಥರ ನಿಧಾನಕ್ಕೆ ಬಿಡ್ತು, ತೀರದಲ್ಲಿ ಬಹಳ ಜನಕ್ಕೆ ಅಲುಗಿದ್ದು ಸರಿಯಾಗಿ ಗೊತ್ತೇ ಆಗ್ಲಿಲ್ಲ, ಆಮೇಲೆ ಸುನಾಮಿ ಬಂತು, ನೂರಾರು ಜನ ಹೋದ್ರು. ಇನ್ನೊಂದು ಕಡೆ ಮ್ಯಾನ್ಮಾರಲ್ಲಿ ಬಿರುಕಿನ ಒಂದು ಭಾಗ ಅಡ್ಡ ಅಲೆಗಳ ವೇಗಕ್ಕಿಂತ ಜೋರಾಗಿ ಓಡಿದೆ ಅಂತ ಅಧ್ಯಯನಗಳು ಹೇಳ್ತಿವೆ. ಎರಡಕ್ಕೂ 7.7 ಅಂತ ಒಂದೇ ಹಣೆಪಟ್ಟಿ, ಸೂತ್ರದ ಪ್ರಕಾರ ವ್ಯತ್ಯಾಸ ಸೊನ್ನೆ, ಶಕ್ತಿ ಸಮ. ಅಲೆಯಾಗಿ ಹೊರಗೆ ಬಂದಿದ್ದು ಸಮ ಅಲ್ಲವೇ ಅಲ್ಲ.

ಅದಕ್ಕೇ ಅಲೆಯಿಂದಲೇ ನೇರವಾಗಿ ಶಕ್ತಿ ಅಳೆದು ಬೇರೆ ಮ್ಯಾಗ್ನಿಟ್ಯೂಡ್ ಕೊಡ್ತಾರೆ, Me ಅಂತ. ಎಲ್ಲಾ ಭೂಕಂಪಕ್ಕೂ ಸಿಗಲ್ಲ, ಪೇಪರಲ್ಲಂತೂ ಬರಲ್ಲ.

ಲಾಗ್‌ಟೇಬಲ್ ರಾಜ

ಅಂದ್ರೆ 45 ಅನ್ನೋದು ಈ ಎರಡು ಭೂಕಂಪಗಳ ಅಳತೆ ಅಲ್ಲ. ಸರಾಸರಿ ಭೂಕಂಪಗಳು ಹೇಗೆ ನಡ್ಕೊಳ್ತವೋ ಹಾಗೆ ಇವೂ ನಡ್ಕೊಂಡಿದ್ರೆ ಎಷ್ಟಾಗ್ತಿತ್ತು ಅನ್ನೋ ಅಂದಾಜು. ಅಷ್ಟೇ ತಾನೆ?

ಗೌರಿಬಿದನೂರು ಎಕ್ಸ್‌ಪ್ರೆಸ್

ಜಾರಿದ ಗುಣಲಬ್ಧದ ಮಟ್ಟಿಗೆ ಅಳತೆ. ಅಲೆಯ ಶಕ್ತಿ ಮಟ್ಟಿಗೆ ನೀವು ಹೇಳಿದ ಹಾಗೆ ಅಂದಾಜು. ಈ ಎರಡರ Me ಪಕ್ಕ ಪಕ್ಕ ಇಟ್ಟು ನೋಡಿದ್ರೆ 45 ಸ್ವಲ್ಪ ಕೆಳಗೆ ಹೋಗ್ಬಹುದು ಅಂತ ನನ್ನ ಊಹೆ, ಮ್ಯಾನ್ಮಾರಿನ ಓಟ ಅಷ್ಟು ಜೋರಿತ್ತಲ್ಲ. ಊಹೆ ಮಾತ್ರ.

ಬಸವನಗುಡಿ ಬೈಟು

ಎಲ್ರಿಗೂ ಥ್ಯಾಂಕ್ಸ್. ನಾಳೆ ಆಫೀಸಲ್ಲಿ ನಲವತ್ತು ಐವತ್ತು ಪಟ್ಟು ಅಂತೀನಿ, 1.14 ಅಂದವನಿಗೆ ಸೊನ್ನೆ ಮ್ಯಾಗ್ನಿಟ್ಯೂಡ್ ಪ್ರಶ್ನೆ ಕೇಳ್ತೀನಿ, ಉತ್ತರ ಕೊಟ್ರೆ ಕಾಫಿ ನಂದು.

ಪಿಯು ಮೇಡಂ

ಹೋಗೋಕೆ ಮುಂಚೆ ನನ್ನದೊಂದು. ಮಕ್ಕಳ ಹತ್ರ ಓಡಾಡ್ತಿರೋ ಒಂದು ಪ್ರಶ್ನೆಪತ್ರಿಕೇಲಿ ಹೀಗಿದೆ: 7 ಮ್ಯಾಗ್ನಿಟ್ಯೂಡ್‌ನ ಭೂಕಂಪ 5ರದ್ದಕ್ಕಿಂತ ಎಷ್ಟು ಪಟ್ಟು ಪ್ರಬಲ? ಆಯ್ಕೆಗಳು 2, 20, 100, 1000. ಕೀ ಉತ್ತರ 100. ನನ್ನ ಹುಡುಗಿ ಒಬ್ಬಳು 1000 ಹಾಕಿ ಮಾರ್ಕ್ಸ್ ಕಳ್ಕೊಂಡು ನನ್ನ ಹತ್ರ ಬಂದಿದಾಳೆ. ಅಲೆಯ ಎತ್ತರ ಕೇಳಿದ್ರೆ 100, ಶಕ್ತಿ ಕೇಳಿದ್ರೆ 1000, ಬರೀ ಪ್ರಬಲ ಅಂದ್ರೆ ಏನು ಬರೀಬೇಕು?

ಲಾಗ್‌ಟೇಬಲ್ ರಾಜ

1000ಕ್ಕೆ ಮಾರ್ಕ್ಸ್ ಕೊಡ್ಬೇಕು ಮೇಡಂ. ಪ್ರಬಲ ಅಂದ್ರೆ ಶಕ್ತಿನೇ.

ಗೌರಿಬಿದನೂರು ಎಕ್ಸ್‌ಪ್ರೆಸ್

ಎರಡಕ್ಕೂ ಕೊಡ್ಬೇಕು. ಪ್ರಶ್ನೆ ಬರೆದವರಿಗೆ ಕಳೀಬೇಕು.

ಸುಮ್ನೆ ಓದೋನು

20 ಹಾಕಿದೋನು ಇಲ್ಲೇ ಇದೀನಿ, ನನಗೂ ಏನಾದ್ರೂ ಸಿಗುತ್ತಾ?